ಜ್ವರ ಹೋಯಿತು, ತಲೆನೋವು ಉಳಿಯಿತು

ಈ ಕಡೆ ತಲೆ ಹಾಕಿ ಬಹಳ ದಿನವಾಯಿತು. ತಲೆಯೇ ಸರಿ ಇರಲಿಲ್ಲ. (ನಗಬೇಡಿ, ನಿಜಕ್ಕೂ!)

2024ರ ಆಗಸ್ಟ್ ಕೊನೆಗೆ ಊರಿಗೆ, ಅಂದರೆ ತಿಕೋಟಾಕ್ಕೆ ಹೋದವನಿಗೆ ವೈರಲ್ ಜ್ವರ ಬಂತು. ಡೆಂಗಿ ಅಲ್ಲ ಅಂತ ರಕ್ತಪರೀಕ್ಷೆಯಲ್ಲಿ ಗೊತ್ತಾಯಿತು. ಐದು ದಿನಕ್ಕೆ ಜ್ವರ ಬಿಟ್ಟಿತು, ತಲೆನೋವು ಮಾತ್ರ ಬಿಡಲಿಲ್ಲ. ಮನೆಯಿಂದಲೇ ಆಫೀಸು ಕೆಲಸ. ಹನ್ನೊಂದು ಗಂಟೆಗೆ ಹಣೆಯ ಎರಡೂ ಬದಿ ಬಿಗಿಯಲು ಶುರುವಾದರೆ, ಸಂಜೆಗೆ ಸ್ಕ್ರೀನಿನ ಬೆಳಕೂ ಬೇಡ.

ಬಬಲೇಶ್ವರದಿಂದ ಬಂದ ಸೋದರಮಾವ ನೋಡಿದವರೇ, "ಇದು ಸೈನಸ್ ಐತಿ, ಹಬೆ ತಗೋ" ಅಂದರು. ತಗೊಂಡೆ. ಆದರೆ ನನಗೆ ಮೂಗು ಕಟ್ಟಿರಲಿಲ್ಲ, ದಪ್ಪ ಹಳದಿ ಸಿಂಬಳ ಇರಲಿಲ್ಲ, ವಾಸನೆ ಚೆನ್ನಾಗೇ ಗೊತ್ತಾಗುತ್ತಿತ್ತು. ಹಬೆಯಿಂದ ಆದ ಲಾಭ ಅಂದರೆ ಮುಖ ಸ್ವಚ್ಛವಾಗಿದ್ದು. ಕೊನೆಗೆ ಮೆಡಿಕಲ್ ಅಂಗಡಿಯಿಂದ ತಂದ ಗುಳಿಗೆಯೇ ಗತಿ. ಪ್ಯಾರಾಸಿಟಮಾಲ್ ಜತೆ ಕೆಫೀನ್ ಸೇರಿದ್ದು. ನುಂಗಿದ ಅರ್ಧ ಗಂಟೆಗೆ ಸ್ವರ್ಗ, ಮರುದಿನ ಬೆಳಿಗ್ಗೆ ಮತ್ತೆ ಅದೇ.

ಏಳು ವಾರವಾದ ಮೇಲೆ ವಿಜಯಪುರದಲ್ಲಿ ನರರೋಗದ ಡಾಕ್ಟರ್ ಬಳಿ ಹೋದೆ. ಸ್ಕ್ಯಾನ್ ಬರೆಯುತ್ತಾರೆ ಅಂದುಕೊಂಡಿದ್ದೆ. ಅವರು ಬೆಳಕು ಹಾಕಿ ಕಣ್ಣಿನ ಹಿಂಭಾಗ ನೋಡಿದರು, ಕುತ್ತಿಗೆ ಬಗ್ಗಿಸಿದರು, ನಡೆಸಿದರು. ಆಮೇಲೆ ಕೇಳಿದ್ದು ಒಂದೇ:

"ತಿಂಗಳದಾಗ ಎಷ್ಟು ದಿನ ಗುಳಿಗಿ ತಗೊಂಡೀರಿ?"

"ಹತ್ತು ಹನ್ನೆರಡು ಇರಬಹುದ್ರಿ ಸರ್."

ಮೊಬೈಲಿನಲ್ಲಿ ಅಂಗಡಿಗೆ ಹಣ ಕಳಿಸಿದ ಪಟ್ಟಿ ತೆಗೆದು ಲೆಕ್ಕ ಹಾಕಿದರೆ ಸೆಪ್ಟೆಂಬರಿನಲ್ಲಿ 22 ದಿನ! ಸುಳ್ಳು ಹೇಳಿದ್ದಲ್ಲ, ಲೆಕ್ಕವೇ ಇರಲಿಲ್ಲ.

ಅವರು ವಿವರಿಸಿದ್ದನ್ನು ನನ್ನ ಮಾತಿನಲ್ಲಿ ಬರೆಯುತ್ತೇನೆ. ವೈರಸ್ ಜತೆ ಹೋರಾಡುವಾಗ ದೇಹದಲ್ಲಿ ಹುಟ್ಟುವ ರಾಸಾಯನಿಕಗಳು ತಲೆಯ ನೋವನ್ನು ಒಯ್ಯುವ ನರಗಳನ್ನು ಕೆರಳಿಸುತ್ತವೆ. ಜ್ವರ ಇಳಿದರೂ ಆ ಕೆರಳಿಕೆ ಕೆಲವು ವಾರ ಉಳಿಯಬಹುದು. ಕೋವಿಡ್ ನಂತರವೂ ಹೀಗೇ. ಮೊದಲೇ ಮೈಗ್ರೇನ್ ಇದ್ದವರಿಗೆ ಇದು ಹೆಚ್ಚು (ನನಗೆ ಇಂಜಿನಿಯರಿಂಗ್ ಓದುವಾಗಿನಿಂದ ಇದೆ). ನಮ್ಮ ಭಾಷೆಯಲ್ಲಿ ಹೇಳುವುದಾದರೆ ಅಲರ್ಟಿನ ಥ್ರೆಶೋಲ್ಡ್ ಕೆಳಗಿಳಿದು ಅಲ್ಲೇ ನಿಂತಿದೆ. ಸರ್ವರಿಗೆ ಏನೂ ಆಗಿಲ್ಲ, ಆದರೂ ರಾತ್ರಿಯಿಡೀ ಮೆಸೇಜು.

ಇದರ ಮೇಲೆ ಗುಳಿಗೆಯ ಕಥೆ. ಬರೀ ಪ್ಯಾರಾಸಿಟಮಾಲ್ ಆದರೆ ತಿಂಗಳಿಗೆ 15 ದಿನ, ಕೆಫೀನ್ ಸೇರಿಸಿದಂಥ ಮಿಶ್ರ ಗುಳಿಗೆಯಾದರೆ 10 ದಿನ ಮುಟ್ಟಿ, ಅದು ಮೂರು ತಿಂಗಳು ಮುಂದುವರಿದರೆ, ಗುಳಿಗೆಯೇ ತಲೆನೋವು ತರಿಸತೊಡಗುತ್ತದೆ. ಒಂದು ದಿನಕ್ಕೆ ಎಷ್ಟು ನುಂಗಿದಿರಿ ಅನ್ನುವುದಲ್ಲ, ಎಷ್ಟು ದಿನ ನುಂಗಿದಿರಿ ಅನ್ನುವುದೇ ಇಲ್ಲಿ ಲೆಕ್ಕ. "ನಿಮಗ ಇನ್ನೂ ಮೂರು ತಿಂಗಳಾಗಿಲ್ಲ, ಆದ್ರ ಅದ ದಾರಿಗೆ ಹೊಂಟೀರಿ" ಅಂದರು.

ಮಿಶ್ರ ಗುಳಿಗೆ ಅಂದೇ ಬಂದ್. ಮಲಗುವ ಮುಂಚೆ ಅಮಿಟ್ರಿಪ್ಟಿಲಿನ್ 10 ಮಿಲಿಗ್ರಾಂ. ಇದು ನೋವು ಬಂದಾಗ ನುಂಗುವುದಲ್ಲ, ಬಾರದ ಹಾಗೆ ತಡೆಯುವುದು. ಪರಿಣಾಮ ಕಾಣಲು ವಾರಗಳೇ ಬೇಕು. ಬಾಯಿ ಒಣಗುತ್ತದೆ, ಬೆಳಿಗ್ಗೆ ಮಂಪರು. ತಡೆಯಲಾಗದಿದ್ದರೆ ಊಟದ ನಂತರ ನ್ಯಾಪ್ರಾಕ್ಸೆನ್, ಅದೂ ವಾರಕ್ಕೆ ಎರಡೇ ದಿನ. (ಹೊಟ್ಟೆ ಹುಣ್ಣು, ಕಿಡ್ನಿ ತೊಂದರೆ ಇದ್ದವರಿಗೆ ಇದು ಬೇಡ. ಡೆಂಗಿ ಶಂಕೆ ಇರುವ ಜ್ವರದಲ್ಲಂತೂ ಮುಟ್ಟಲೇಬಾರದು, ರಕ್ತಸ್ರಾವದ ಭಯ.) ದಿನಕ್ಕೆ ಆರು ಕಪ್ ಚಹಾವನ್ನು ನಿಧಾನಕ್ಕೆ ಎರಡಕ್ಕೆ ಇಳಿಸಬೇಕು. ಒಮ್ಮೆಲೇ ಬಿಟ್ಟರೆ ಅದಕ್ಕೂ ತಲೆ ನೋಯುತ್ತದೆ.

ಮೊದಲ ವಾರ ಏಳು ದಿನವೂ ನೋವು. ಮೂರನೇ ದಿನ ವಾಂತಿಯಾಗಿ ರಜೆ ಹಾಕಿದೆ. ಅವ್ವ ಬಾಗಿಲಲ್ಲಿ ನಿಂತು, "ಒಂದು ಗುಳಿಗಿ ತಗೊಂಡ್ರ ಏನಾಗ್ತೈತೋ ತಮ್ಮಾ" ಅಂದಳು. ಅದೇ ಅತಿ ಕಷ್ಟದ ಗಳಿಗೆ. ಗುಳಿಗೆ ಬಿಟ್ಟ ಮೊದಲ ಹತ್ತು ದಿನ ನೋವು ಹೆಚ್ಚಾಗಬಹುದು ಅಂತ ಡಾಕ್ಟರ್ ಮೊದಲೇ ಹೇಳಿರದಿದ್ದರೆ ಸೋತುಬಿಡುತ್ತಿದ್ದೆ. ಆರನೇ ದಿನ ಸ್ವಲ್ಪ ಹಗುರವಾಯಿತು. ನಾಲ್ಕನೇ ವಾರ ಮೂರು ದಿನ, ಎಂಟನೇ ವಾರ ಒಂದೇ ದಿನ. ಇದೆಲ್ಲ ನೋಟ್‌ಬುಕ್ಕಿನಲ್ಲಿದೆ: ತಾರೀಖು, ನೋವು ಹತ್ತಕ್ಕೆ ಎಷ್ಟು, ಗುಳಿಗೆ ಹೌದು ಅಥವಾ ಇಲ್ಲ. ಅಷ್ಟೇ.

ಓದಿ ಯಾರೂ ಸ್ವಂತ ವೈದ್ಯ ಮಾಡಿಕೊಳ್ಳಬೇಡಿ ಮತ್ತೆ. ಸಿಡಿಲು ಬಡಿದಂತೆ ಒಮ್ಮೆಲೇ ಬಂದ ನೋವು, ಮತ್ತೆ ಜ್ವರ ಬಂದು ಕುತ್ತಿಗೆ ಸೆಟೆಯುವುದು, ಕಣ್ಣು ಮಂಜಾಗುವುದು, ಕೈಕಾಲಿನ ಬಲ ಕುಂದುವುದು, ಫಿಟ್ಸ್: ಇವಿದ್ದರೆ ನೋಟ್‌ಬುಕ್ ಎಲ್ಲ ಬದಿಗಿಟ್ಟು ಅಂದೇ ಆಸ್ಪತ್ರೆಗೆ ಹೋಗಬೇಕು. ಕೋವಿಡ್ ನಂತರ ಅಪರೂಪಕ್ಕೆ ಮಿದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿರುವುದೂ ಉಂಟು.

ಅಮಿಟ್ರಿಪ್ಟಿಲಿನ್ ಡಾಕ್ಟರ್ ಹೇಳಿದ ಮೇಲೆ ನಿಲ್ಲಿಸಿದ್ದೇನೆ. ನ್ಯಾಪ್ರಾಕ್ಸೆನ್ ಪಟ್ಟಿ ಅವ್ವನ ಟ್ರಂಕಿನಲ್ಲಿದೆ. ಕೇಳಿದರೆ ಮೊದಲು ನೋಟ್‌ಬುಕ್ ತೋರಿಸು ಅಂತಾಳೆ.