ಅಕ್ಕನಿಗೊಂದು ಪತ್ರ

ನಾವು ಕಂಪನಿ ಬಿಟ್ಟರೆ ರಿಲೀವಿಂಗ್ ಲೆಟರ್, ಎಕ್ಸ್‌ಪೀರಿಯನ್ಸ್ ಲೆಟರ್ ಅಂತ ಎರಡೆರಡು ಕಾಗದ ಕೈಗೆ ಬರುತ್ತೆ. ಬೆಂಗಳೂರಿನ ನಮ್ಮ ಮನೆಯಲ್ಲಿ ಆರು ವರ್ಷ ಅಡುಗೆ ಮಾಡಿದ ಅಕ್ಕನ ಹತ್ತಿರ ಅಂಥದ್ದೊಂದೂ ಇರಲಿಲ್ಲ. ನಾವು ಪುಣೆಗೆ ಹೊರಟಿದ್ದೆವು. ಅವರಿಗೆ ಕೆಲಸ ಗೊತ್ತಾಗಿದ್ದ ಹೊಸ ಮನೆಯವರಿಗೆ ಕನ್ನಡ ಬಾರದು. ಹಳೇ ಮನೆಯಿಂದ ಪತ್ರ ತನ್ನಿ ಅಂದಿದ್ದರಂತೆ.

ಇಂಗ್ಲಿಷಿನಲ್ಲಿ ಒಂದು ಬರೆದುಕೊಟ್ಟರೆ ಕೆಲಸ ಮುಗೀತಿತ್ತು. ಆದರೆ ಒಳಗೇನು ಬರೆದಿದೆ ಅಂತಲೇ ತಿಳಿಯದ ಕಾಗದವನ್ನು ಅವರು ಮನೆಮನೆಗೆ ತೋರಿಸೋದು ನನಗೆ ಸರಿಕಾಣಲಿಲ್ಲ. ಮೊದಲು ಕನ್ನಡದಲ್ಲಿ ಬರೆದು, ಓದಿ ಹೇಳಿ, ಅವರು ಒಪ್ಪಿದ್ದನ್ನಷ್ಟೇ ಇಂಗ್ಲಿಷಿಗೆ ತಂದೆ.

ಇಂಥ ಪತ್ರಗಳಲ್ಲಿ ‘ಪ್ರಾಮಾಣಿಕರು’ ಅನ್ನೋ ಪದ ಇದ್ದೇ ಇರುತ್ತೆ. ಅದನ್ನು ಕೇಳಿ ಅಕ್ಕ, “ಕದಿಯಲ್ಲ ಅಂತ ಯಾಕಣ್ಣ ಬರೀತೀರ? ಓದಿದೋರಿಗೆ ಆಗಲೇ ಅನುಮಾನ ಬರೋದು” ಅಂದರು. ಅದನ್ನು ಹೊಡೆದು, ‘ಮನೆಯ ಒಂದು ಬೀಗದಕೈ ಮೂರು ವರ್ಷ ಇವರ ಹತ್ತಿರವೇ ಇತ್ತು, ನಾವು ಊರಿಗೆ ಹೋದಾಗ ಬಂದು ಗಿಡಕ್ಕೆ ನೀರು ಹಾಕುತ್ತಿದ್ದರು’ ಅಂತ ಬರೆದೆ.

‘ಅಡುಗೆ ಚೆನ್ನಾಗಿ ಮಾಡುತ್ತಾರೆ’ ಅಂದರೂ ಓದುವವರಿಗೆ ಏನೂ ತಿಳಿಯಲ್ಲ. ಬೆಳಿಗ್ಗೆ 7ರಿಂದ 9ರೊಳಗೆ ನಾಲ್ಕು ಜನರಿಗೆ ತಿಂಡಿ, ಎರಡು ಊಟದ ಡಬ್ಬಿ, ಸಕ್ಕರೆ ಕಾಯಿಲೆಯಿರುವ ಅಮ್ಮನಿಗೆ ಬೇರೆ ಅಡುಗೆ ಅಂತ ಬಿಡಿಸಿ ಬರೆದೆ. ಕೊನೆಕೊನೆಗೆ ಪಾತ್ರೆಯನ್ನೂ ತೊಳೆಯುತ್ತಿದ್ದರು, ಅದಕ್ಕೆ ಬೇರೆ ದುಡ್ಡು ಕೊಡುತ್ತಿದ್ದೆವು. “ಪಾತ್ರೆ ವಿಷಯ ಬೇಡ ಬಿಡಿ, ಅದನ್ನೂ ಇದೇ ಸಂಬಳಕ್ಕೆ ಮಾಡು ಅಂತಾರೆ.” ಅದೂ ಹೋಯಿತು. ಇದೇ ಕಾರಣಕ್ಕೆ ನಾವು ಕೊಡುತ್ತಿದ್ದ ಸಂಬಳವನ್ನೂ ಬರೆಯಲಿಲ್ಲ. ಬರೆದರೆ ಹೊಸ ಮನೆಯ ಚೌಕಾಸಿ ಅಲ್ಲಿಂದಲೇ ಶುರು. ಯಾಕೆ ಬಿಡುತ್ತಿದ್ದಾರೆ ಅನ್ನೋದು ಮಾತ್ರ ಇರಲೇಬೇಕು. ‘ನಾವು ಊರು ಬಿಡುತ್ತಿದ್ದೇವೆ’ ಅನ್ನೋ ಸಾಲಿಲ್ಲದಿದ್ದರೆ, ಏನೋ ಜಗಳ ಆಗಿರಬೇಕು ಅಂತ ಜನ ತಾವೇ ಕಥೆ ಕಟ್ಟುತ್ತಾರೆ.

ಇಂಗ್ಲಿಷಿಗೆ ತರುವಾಗ ‘ಇವರು’ ಅನ್ನೋದು ಬರೀ ‘ಶೀ’ ಆಯಿತು, ಮರ್ಯಾದೆಯ ಬಹುವಚನ ಅಲ್ಲಿಲ್ಲ. ಅದಕ್ಕೇ ಹೆಸರಿನ ಹಿಂದೆ ಮಿಸೆಸ್ ಸೇರಿಸಿ, ‘ಮೇಡ್’ ಬಿಟ್ಟು ‘ಕುಕ್’ ಅಂದೆ. ಇನ್ನೊಂದು ತೊಡಕು ಹೆಸರಿನದೇ. ನಾವು ಕರೆಯೋದು ಒಂದು, ಆಧಾರ್‌ನಲ್ಲಿರೋದು ಇನ್ನೊಂದು. ಗೇಟಿನಲ್ಲಿ ಪಾಸ್ ಮಾಡಿಸುವಾಗ ಸೆಕ್ಯುರಿಟಿಯವರು ತಾಳೆ ನೋಡೋದು ಕಾರ್ಡಿನ ಇಂಗ್ಲಿಷ್ ಸ್ಪೆಲ್ಲಿಂಗನ್ನೇ. ಎರಡೂ ಪ್ರತಿಯಲ್ಲಿ ಕಾರ್ಡಿನ ಹೆಸರು ಹಾಕಿ, ಕರೆಯುವ ಹೆಸರನ್ನು ಪಕ್ಕದಲ್ಲಿಟ್ಟೆ. ಆಧಾರ್ ನಂಬರ್ ಹಾಕಲಿಲ್ಲ, ಜೆರಾಕ್ಸ್ ಎಲ್ಲೆಲ್ಲಿ ಸುತ್ತುತ್ತೋ ಯಾರಿಗೆ ಗೊತ್ತು. ಕೆಳಗೆ ತಾರೀಕು, ಸಹಿ, ನನ್ನ ಫೋನ್ ನಂಬರ್, ಸಂಜೆ 7ರ ಮೇಲೆ ಕರೆ ಮಾಡಿ ಅಂತ ಒಂದು ಸಾಲು.

ಹೊಸ ಮನೆಯವರು ವಾರದೊಳಗೆ ಫೋನ್ ಮಾಡಿದರು. ಬೀಗದಕೈ ವಿಷಯ ನಿಜವಾ ಅಂತ ಕೇಳಿದರು. ಆಮೇಲೆ, ತಿಂಗಳಿಗೆ ಎಷ್ಟು ಕೊಡ್ತಿದ್ರಿ ಅಂದರು. ಅದನ್ನು ಅವರ ಹತ್ರಾನೇ ಮಾತಾಡಿ ಅಂದೆ.