ಸಿಬಿಲ್ ಏರಿಸ್ತೀವಿ ಅನ್ನೋರಿಗೆ ಲಾಗಿನ್ ಕೊಡಬೇಡಿ



ಅಂಬೇಡ್ಕರ್ ಅಭಿವೃದ್ಧಿ ನಿಗಮದ ಸ್ವಯಂ ಉದ್ಯೋಗ ಯೋಜನೆಗೆ ಅರ್ಜಿ ಹಾಕಿದವರಿಗೆ ಇದು ಗೊತ್ತು. ನಿಗಮ ಸಹಾಯಧನ ಕೊಡುತ್ತೆ, ಉಳಿದ ಸಾಲ ಬ್ಯಾಂಕೇ ಕೊಡಬೇಕು. ಬ್ಯಾಂಕಿನವರು ಕಂಪ್ಯೂಟರ್ ನೋಡಿ "ಸಿಬಿಲ್ ಸರಿ ಇಲ್ಲ" ಅಂದರೆ ಸಹಾಯಧನವೂ ಅಲ್ಲೇ ನಿಂತುಹೋಯಿತು. ಹಾಗೆ ವಾಪಸ್ ಬಂದ ನಮ್ಮ ಜನರನ್ನೇ ಹುಡುಕಿಕೊಂಡು ಏಜೆಂಟರು ಬರ್ತಾರೆ. "ನಾಲ್ಕೂವರೆ ಸಾವಿರ ಕೊಡ್ರಿ, ತಿಂಗಳಲ್ಲಿ 750 ಮಾಡಿಸ್ತೀವಿ. ಲೋನ್ ಆ್ಯಪಿನ ಲಾಗಿನ್, ಒಟಿಪಿ ಹೇಳ್ರಿ ಸಾಕು."

ಈಚೆಗೆ ಇಬ್ಬರು ಬಂದು ನನ್ನ ಹತ್ತಿರ ವಿಷಯ ಹೇಳಿದರು. ಒಬ್ಬ ಕುರುಗೋಡಿನ ತಮ್ಮ, ಇನ್ನೊಬ್ಬರು ಸಿರುಗುಪ್ಪದ ಅಕ್ಕ. ಬಳ್ಳಾರಿಯ ಒಬ್ಬನೇ ಏಜೆಂಟ್ ಇಬ್ಬರಿಗೂ ಒಂದೇ ರೇಟು, ಒಂದೇ ಭರವಸೆ ಕೊಟ್ಟಿದ್ದ. ಆದರೆ ಇಬ್ಬರ ರೋಗ ಬೇರೆ ಬೇರೆ.

ತಮ್ಮ ಬೈಕ್ ಸಾಲದ ಕಂತೆಲ್ಲ ಕಟ್ಟಿದ್ದ, ಎನ್‌ಒಸಿ ಕೈಯಲ್ಲಿತ್ತು. ಆದರೂ ರಿಪೋರ್ಟಿನಲ್ಲಿ ಆ ಸಾಲ ಇನ್ನೂ ತೆರೆದೇ ಇತ್ತು, 590 ರೂಪಾಯಿ ಬಾಕಿ ಅಂತ. ಯಾವಾಗಲೋ ಚೆಕ್ ಬೌನ್ಸ್ ಆದ ಚಾರ್ಜು. ಕಂಪನಿಯವರು ಎನ್‌ಒಸಿ ಕೊಟ್ಟರು, ಲೆಕ್ಕದಲ್ಲಿ ತೆಗೆಯಲಿಲ್ಲ. ತಿಂಗಳು ತಿಂಗಳು ತಡವಾದ ದಿನಗಳ ಅಂಕಿ ಬೆಳೆಯುತ್ತಾ ಹೋಗಿತ್ತು.

ಇದು ತಪ್ಪು ದಾಖಲೆ. ಇದನ್ನು ತಿದ್ದಿಸಬಹುದು, ಅದೂ ಪುಕ್ಕಟೆ. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್ ಅಂತ ನಾಲ್ಕು ಕಂಪನಿ ಇವೆ. ಪ್ರತಿಯೊಂದೂ ವರ್ಷಕ್ಕೊಮ್ಮೆ ಪೂರ್ತಿ ರಿಪೋರ್ಟನ್ನು ಉಚಿತವಾಗಿ ಕೊಡಲೇಬೇಕು. ರಿಪೋರ್ಟ್ ತೆಗೆದು ತಪ್ಪಿರುವ ಖಾತೆ ಗುರುತಿಸಿ, ಅದೇ ವೆಬ್‌ಸೈಟಿನಲ್ಲಿ ಡಿಸ್ಪ್ಯೂಟ್ ಹಾಕಿದೆವು. ಸಾಲ ಕೊಟ್ಟ ಕಂಪನಿಗೂ ಎನ್‌ಒಸಿ ಪ್ರತಿ ಇಟ್ಟು ಬರೆದೆವು. ಈ ಎರಡನೆಯದು ಮುಖ್ಯ. ಯಾಕಂದರೆ ಸಿಬಿಲ್ ತಾನಾಗಿ ಒಂದಕ್ಷರವೂ ತಿದ್ದಲ್ಲ, ಸಾಲ ಕೊಟ್ಟವರು ಒಪ್ಪಿದರೆ ಮಾತ್ರ ತಿದ್ದುತ್ತೆ. ಇಪ್ಪತ್ತನಾಲ್ಕನೇ ದಿನಕ್ಕೆ ಸಾಲ ಮುಗಿದಿದೆ ಅಂತ ಬಂತು. 30 ದಿನ ದಾಟಿದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮ 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ.

ಅಕ್ಕನದು ಹಾಗಲ್ಲ. ಸಂಘದ ಸಾಲದಲ್ಲಿ ನಾಲ್ಕು ಕಂತು ನಿಜವಾಗಿಯೂ ತಪ್ಪಿತ್ತು, ಮನೆಯಲ್ಲಿ ಕಾಯಿಲೆ. ನಿಜವಾದ ದಾಖಲೆಯನ್ನು ಯಾವ ಏಜೆಂಟನೂ ಅಳಿಸಲಾರ. ಮತ್ತೆ ಅವನು ತೋರಿಸೋದೇನು? ಎರಡು ಆಟ.

ಒಂದು, ಸುಮ್ಮನೆ ಡಿಸ್ಪ್ಯೂಟ್ ಹಾಕ್ತಾನೆ. ತನಿಖೆ ಮುಗಿಯುವ ತನಕ ಆ ಖಾತೆಯ ಮುಂದೆ Under Dispute ಅಂತ ಬರುತ್ತೆ. ಅದರ ಫೋಟೋ ತೋರಿಸಿ "ನೋಡ್ರಿ, ತೆಗೆಸೀನಿ" ಅಂತ ದುಡ್ಡು ತಗೊಂಡು ಹೋಗ್ತಾನೆ. ಸಾಲ ಕೊಟ್ಟವರು "ದಾಖಲೆ ಸರಿ ಇದೆ" ಅಂದ ಮೇಲೆ ಆ ಮಾತು ಹೋಗಿ ಹಳೆಯದೇ ಉಳಿಯುತ್ತೆ. ಅಷ್ಟೊತ್ತಿಗೆ ಅವನ ಫೋನ್ ಸ್ವಿಚ್ ಆಫ್.

ಎರಡು, "ಹನ್ನೊಂದು ಸಾವಿರದ ಬಾಕಿ ಆರು ಸಾವಿರಕ್ಕೆ ಮುಗಿಸ್ತೀನಿ" ಅಂತಾನೆ. ಮುಗಿಯೋದು ನಿಜ, ಆದರೆ ರಿಪೋರ್ಟಿನಲ್ಲಿ Closed ಅಂತ ಬರಲ್ಲ, Settled ಅಂತ ಬರುತ್ತೆ. ಬ್ಯಾಂಕಿನವರು ಅದನ್ನು "ಪೂರ್ತಿ ಕಟ್ಟಿಲ್ಲ" ಅಂತಲೇ ಓದ್ತಾರೆ. ಅಕ್ಕನಿಗೆ ನಾನು ಹೇಳಿದ್ದು: ಆಗುವಷ್ಟು ದಿನ ತಗೊಂಡು ಪೂರ್ತಿ ಕಟ್ಟಿ, ಬಾಕಿ ಇಲ್ಲ ಅಂತ ಪತ್ರ ಬರೆಸಿಕೊಳ್ಳಿ. ತಡದ ಗುರುತು ತಕ್ಷಣ ಹೋಗಲ್ಲ. ಸಿಬಿಲ್ ರಿಪೋರ್ಟಿನಲ್ಲಿ 36 ತಿಂಗಳ ಕಂತಿನ ಚರಿತ್ರೆ ಕಾಣುತ್ತೆ. ಮುಂದಿನ ಕಂತು ಸರಿಯಾಗಿ ಹೋದಂತೆ ಹಳೆಯದರ ಭಾರ ಇಳಿಯುತ್ತೆ.

ಈಗ ಲಾಗಿನ್ ವಿಷಯ. ಡಿಸ್ಪ್ಯೂಟ್ ಹಾಕೋಕೆ ಲೋನ್ ಆ್ಯಪಿನ ಪಾಸ್‌ವರ್ಡ್ ಎಲ್ಲೂ ಬೇಕಿಲ್ಲ. ಹಾಗಾದರೆ ಅವನಿಗೆ ಯಾಕೆ? ಆ ಆ್ಯಪಿನೊಳಗೆ ಎಷ್ಟೋ ಸಲ ಹೊಸ ಸಾಲ ಮೊದಲೇ ಮಂಜೂರಾಗಿ ಕೂತಿರುತ್ತೆ. ಒಂದು ಒಟಿಪಿ ಸಿಕ್ಕರೆ ನಿಮ್ಮ ಹೆಸರಲ್ಲಿ ಎತ್ತಬಹುದು. ದುಡ್ಡು ನಿಮ್ಮ ಖಾತೆಗೇ ಬಂದರೂ, ಬ್ಯಾಂಕ್ ಲಾಗಿನ್ ಸಹ ಅವನ ಹತ್ತಿರ ಇದ್ದರೆ ನಿಲ್ಲುತ್ತಾ? ಫೋನ್ ನಂಬರ್, ಇಮೇಲ್ ಬದಲಾಯಿಸಿಬಿಟ್ಟರೆ ಕಂತು ತಪ್ಪಿದ ಮೆಸೇಜೂ ನಿಮಗೆ ಬರಲ್ಲ. ಸ್ಕೋರ್ ಏರಿಸೋಕೆ ಹೋಗಿ ಹೊಸ ಸಾಲ ತಲೆಗೆ ಬೀಳುತ್ತೆ.

ಈಗಾಗಲೇ ಕೊಟ್ಟಿದ್ದರೆ ಇವತ್ತೇ ಪಾಸ್‌ವರ್ಡ್, ಪಿನ್ ಬದಲಾಯಿಸಿ. ಬ್ಯಾಂಕಿಗೆ ಹೇಳಿ, ರಿಪೋರ್ಟ್ ತೆಗೆದು ಗೊತ್ತಿಲ್ಲದ ಸಾಲ ಇದೆಯಾ ನೋಡಿ. ದುಡ್ಡು ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ. ಸಿಬಿಲ್‌ನವರು 30 ದಿನ ಆದರೂ ಸರಿಯಾದ ಉತ್ತರ ಕೊಡದಿದ್ದರೆ cms.rbi.org.in ನಲ್ಲಿ ಓಂಬುಡ್ಸ್‌ಮನ್‌ಗೆ ದೂರು ಹಾಕಬಹುದು. ಅದಕ್ಕೂ ಒಂದು ರೂಪಾಯಿ ಫೀಸ್ ಇಲ್ಲ.

ರಿಪೋರ್ಟ್ ಇಂಗ್ಲಿಷಿನಲ್ಲಿರುತ್ತೆ, ಆ ಒಂದು ಕಾರಣಕ್ಕೇ ನಮ್ಮವರು ಏಜೆಂಟರ ಬಾಗಿಲಿಗೆ ಹೋಗೋದು. ಪ್ರತಿ ಕೇರಿಯಲ್ಲೂ ಡಿಗ್ರಿ ಓದಿದ ಒಬ್ಬ ಹುಡುಗ, ಒಬ್ಬ ಹುಡುಗಿ ಇದ್ದಾರೆ. ಅವರು ಕೂತು ಓದಿ ಹೇಳಲಿ. ಒಟಿಪಿ ಮಾತ್ರ ಫೋನಿನ ಮಾಲೀಕರೇ ಒತ್ತಲಿ.