ಸಮೆಯಲ್ಲಿ ಮುಖ ಕಾಣಬೇಕು

ಪುಣೆ ಕ್ಯಾಂಪಿನ ನಮ್ಮ ಹಳೆಯ ಫ್ಲಾಟಿನ ಹಾಲ್‌ನಲ್ಲಿ ನಾಲ್ಕು ಅಡಿ ಅಗಲದ, ಎರಡು ಅಡಿ ಆಳದ ಒಂದು ಮೂಲೆ ಖಾಲಿ ಇತ್ತು. ಅಲ್ಲಿ ದೇವರ ಮನೆ ಮಾಡಿಸುವುದೆಂದು ಗಟ್ಟಿಯಾದಾಗ, ಬಡಗಿಯನ್ನು ಕರೆಯುವ ಮೊದಲು ನಾನೇ ಬ್ಲೆಂಡರ್‌ನಲ್ಲಿ ಕುಳಿತು ಅದರ ರೆಂಡರ್ ಮಾಡಿದೆ. ಕೆತ್ತನೆಯ ಸಾಗವಾನಿ ಮಂಟಪ, ಎರಡು ಹಿತ್ತಾಳೆ ಸಮೆ, ಹಿಂದಿನಿಂದ ಮೆತ್ತಗಿನ ಬೆಳಕು. ಬೇರೆ ಒಂದು ಸಾಮಾನೂ ಇಲ್ಲ.

ಧಾರವಾಡದಿಂದ ಬಂದಿದ್ದ ಅವ್ವ ಲ್ಯಾಪ್‌ಟಾಪ್ ಹತ್ತಿರಕ್ಕೆ ಎಳೆದುಕೊಂಡು ನೋಡಿದಳು. "ಚಂದ ಅದ. ಆದ್ರ ನಮ್ಮ ಸಮೆ ಹುಣಸಿಹಣ್ಣು ಹಚ್ಚಿ ಬೆಳಗಿದ್ರ ಅದರಾಗ ನನ್ನ ಮುಖಾ ಕಾಣಸ್ತದ. ಇದರಾಗ ಏನೂ ಕಾಣವಲ್ದು."

ಅವಳು ಹೇಳಿದ್ದೇ ಸರಿ. ನನ್ನ ಸಮೆಗಳು ಕಂದು ಪ್ಲಾಸ್ಟಿಕ್ಕಿನಂತೆ ಕಾಣುತ್ತಿದ್ದವು. ನಾನು ಹಳದಿ ಬಣ್ಣವನ್ನು ತಿದ್ದುತ್ತಾ ಎರಡು ಸಂಜೆ ಕಳೆದಿದ್ದೆ, ಆದರೆ ತಪ್ಪು ಬಣ್ಣದಲ್ಲಿ ಇರಲಿಲ್ಲ. ಲೋಹ ತನ್ನ ಸುತ್ತ ಇರುವುದನ್ನೇ ತೋರಿಸುತ್ತದೆ. ಹಿತ್ತಾಳೆ ಅದಕ್ಕೆ ಹಳದಿ ಛಾಯೆ ಕೊಡುತ್ತದೆ, ಅಷ್ಟೆ. `Metallic` 1, `Roughness` 0.25 ಎಂದು ಸರಿಯಾಗಿಯೇ ಇಟ್ಟಿದ್ದೆ. ಆದರೆ ಕ್ಯಾಮೆರಾದ ಹಿಂದೆ ನಾನು ಕೋಣೆಯನ್ನೇ ಕಟ್ಟಿರಲಿಲ್ಲ. ಸಮೆಗೆ ತೋರಿಸಲು ಕತ್ತಲೆಯೊಂದೇ ಇತ್ತು. ಎದುರಿನ ಗೋಡೆ, ಪಕ್ಕದ ಕಿಟಕಿ ಸೇರಿಸಿದ ಕೂಡಲೇ ಕಂಬದ ಮೇಲೆ ಉದ್ದನೆಯ ಹೊಳಪು ಇಳಿಯಿತು.

ಬೆಳಕಿನ ವಿಷಯದಲ್ಲಿ ಚಿತ್ರ ನನಗೆ ಇನ್ನೊಂದು ಮೋಸ ಮಾಡಿತ್ತು. ಅಲ್ಲಿ ಹಿಂಬದಿಯ ಇಡೀ ಹಲಗೆಯೇ ಒಂದೇ ಸಮ ಬೆಳಗುತ್ತಿತ್ತು. ನಿಜವಾಗಿ ಹಾಕಬೇಕಾದದ್ದು ಎಲ್‌ಇಡಿ ಪಟ್ಟಿ. ಮೀಟರಿಗೆ 60 ಬಲ್ಬಿನ ಪಟ್ಟಿಯಲ್ಲಿ ಒಂದರಿಂದ ಇನ್ನೊಂದಕ್ಕೆ ಸುಮಾರು 17 ಮಿ.ಮೀ. ಅಂತರ. ಹಾಲುಬಣ್ಣದ ಅಕ್ರಿಲಿಕ್ ಹಾಳೆಯನ್ನು 10 ಮಿ.ಮೀ. ದೂರದಲ್ಲಿ ಹಿಡಿದು ನೋಡಿದಾಗ ಚುಕ್ಕಿ ಚುಕ್ಕಿಯಾಗಿ ಕಂಡಿತು. 40 ಮಿ.ಮೀ.ಗೆ ಸರಿಸಿದಾಗ ಚುಕ್ಕಿಗಳೆಲ್ಲ ಕೂಡಿಕೊಂಡವು. ಹಾಗಾಗಿ ಮಂಟಪವನ್ನೇ ಗೋಡೆಯಿಂದ ಅಷ್ಟು ಮುಂದೆ ತಂದೆವು.

ಅವ್ವ ಮತ್ತೆ ಕೇಳಿದಳು: "ಕಡ್ಡಿಪೆಟ್ಟಿಗಿ ಎಲ್ಲಿಡ್ಲಿ? ಬತ್ತಿ, ಎಣ್ಣಿ ಗಿಂಡಿ?" ಚಿತ್ರದಲ್ಲಿ ಅವಕ್ಕೆ ಜಾಗವೇ ಇರಲಿಲ್ಲ. ಕಟ್ಟಿದ ವಾರದೊಳಗೆ ಅವೆಲ್ಲ ಮಂಟಪದ ಮೆಟ್ಟಿಲ ಮೇಲೇ ಬಂದು ಕೂಡುತ್ತಿದ್ದವು. ಪೀಠದ ಕೆಳಗೆ ಆರು ಇಂಚಿನ ಡ್ರಾಯರ್ ಬರೆದೆ. ಸಮೆಗಳನ್ನು ಮಂಟಪದ ಒಳಗಿನಿಂದ ತೆಗೆದು ಮುಂದಿನ ಕಲ್ಲಿನ ಹಲಗೆಗೆ ತಂದೆ. ರೆಂಡರ್‌ನ ಜ್ವಾಲೆಗೆ ಬಿಸಿಯೂ ಇಲ್ಲ, ಕಾಡಿಗೆಯೂ ಇಲ್ಲ; ಕೆತ್ತನೆಯ ಕಮಾನಿನ ಕೆಳಗೇ ಉರಿಸಿದರೂ ಅದು ಕಪ್ಪಾಗುವುದಿಲ್ಲ. ಸಾಗವಾನಿ ಹಾಗಲ್ಲ.

ಕೊನೆಯ ಚಿತ್ರದಲ್ಲಿ ಮಂಟಪ ಮೊದಲಿಗಿಂತ ಸ್ವಲ್ಪ ಚಿಕ್ಕದಾಗಿತ್ತು. ಅವ್ವ ಸಮೆಯ ಮೇಲೆ ಬೆರಳಿಟ್ಟು, "ಇದು ನಮ್ಮ ಕಿಟಕಿ ಅಲ್ಲೇನು?" ಅಂದಳು. ಮರುದಿನ ಬಡಗಿಗೆ ಫೋನ್ ಮಾಡಿದೆ.